ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಬುಡ ಬರಿದಾಗಿದೆ: ಇಳಿಸಬೇಕೇ, ಕತ್ತರಿಸಬೇಕೇ?

ಸಕಲೇಶಪುರ_ರೊಬಸ್ಟಾ

ಎಲ್ಲರಿಗೂ ನಮಸ್ಕಾರ. ನಮ್ಮ ರೊಬಸ್ಟಾ ಕಾಫಿ ತೋಟದ ಸಿಲ್ವರ್ ಮರಗಳಿಗೆ ಎರಡು ಮಳೆಗಾಲಗಳ ಹಿಂದೆ ಪಣಿಯೂರು-1 ಮೆಣಸಿನ ಬಳ್ಳಿಗಳನ್ನು ನೆಟ್ಟಿದ್ದೇವೆ. ಪ್ರತಿ ಮರದ ಉತ್ತರ ದಿಕ್ಕಿನಲ್ಲಿ, ಬುಡದಿಂದ ಒಂದು ಅಡಿ ದೂರದಲ್ಲಿ ಗುಂಡಿ ತೋಡಿ, ಪಾಲಿಥಿನ್ ಚೀಲದಲ್ಲಿ ಬೆಳೆಸಿದ ಎರಡು ಸಸಿಗಳನ್ನು ಹಾಕಲಾಗಿತ್ತು. ಈಗ ಅನೇಕ ಬಳ್ಳಿಗಳು ಹತ್ತು ಅಡಿ ಎತ್ತರಕ್ಕೆ ಹೋಗಿವೆ. ಆದರೆ ಕೆಳಗಿನ ಐದಾರು ಅಡಿಯಲ್ಲಿ ಬೆರಳಿಗಿಂತ ತೆಳುವಾದ ದಂಟು ಮಾತ್ರ ಇದ್ದು, ಒಂದು ಅಡ್ಡಕವಲೂ ಹೊರಟಿಲ್ಲ. ಮೇಲಿನ ಮೂರು ನಾಲ್ಕು ಅಡಿಯಲ್ಲಿ ಕವಲುಗಳು ಆರಂಭವಾಗಿವೆ. ಕೆಲವು ಬಳ್ಳಿಗಳಂತೂ ಮರವನ್ನು ಸರಿಯಾಗಿ ಹಿಡಿಯದೆ ತುದಿಯಲ್ಲಿ ಜೋತು ಬಿದ್ದಿವೆ.

ಬಳ್ಳಿಯನ್ನು ಮರದಿಂದ ಬಿಡಿಸಿ ಬುಡದ ಸುತ್ತ ಸುತ್ತಿ ಮಣ್ಣು ಮುಚ್ಚಬೇಕೆಂದು ನೆರೆಯ ಹಿರಿಯರೊಬ್ಬರು ಹೇಳುತ್ತಾರೆ. ತುದಿಯನ್ನು ಕತ್ತರಿಸಿದರೆ ಸಾಕು ಎಂಬುದು ಇನ್ನೊಬ್ಬರ ಅಭಿಪ್ರಾಯ. ಎರಡರಲ್ಲಿ ಯಾವುದು ಸರಿ, ಮತ್ತು ಯಾವ ತಿಂಗಳಲ್ಲಿ ಮಾಡಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ತೀರ್ಥಹಳ್ಳಿ_ಬಾಗಾಯ್ತು

ಇದು ಸೊರಗು ರೋಗದ ಲಕ್ಷಣ. ನಮ್ಮಲ್ಲಿಯೂ ಬುಡದ ಎಲೆಗಳೆಲ್ಲ ಉದುರಿ ಬಳ್ಳಿ ಬೋಳಾಗಿತ್ತು. ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಹಾಕಿ ತಯಾರಿಸಿದ ದ್ರಾವಣವನ್ನು, ಮಳೆ ಹಿಡಿಯುವ ಮೊದಲು ಒಮ್ಮೆ ಸಿಂಪಡಿಸಿ. ಮಳೆಯ ನಡುವೆ ಬಿಡುವು ಸಿಕ್ಕಾಗ ಮತ್ತೊಮ್ಮೆ ಸಿಂಪಡಿಸಿ.

ಸಕಲೇಶಪುರ_ರೊಬಸ್ಟಾ

ಧನ್ಯವಾದಗಳು. ಆದರೆ ನಮ್ಮ ಬಳ್ಳಿಗಳಲ್ಲಿ ಎಲೆ ಉದುರಿಲ್ಲ, ಕಪ್ಪು ಕಲೆಗಳೂ ಇಲ್ಲ. ಪ್ರತಿ ಗಿಣ್ಣಿನಲ್ಲಿ ಒಂದೊಂದು ಎಲೆ ಹಸಿರಾಗಿಯೇ ಇದೆ. ಅಲ್ಲಿ ಕವಲು ಹುಟ್ಟೇ ಇಲ್ಲ ಎಂಬುದು ನಮ್ಮ ತೊಡಕು.

ಶಿರಸಿ_ಕಾನುತೋಟ

ತಾವು ಕೊಟ್ಟ ವಿವರದಿಂದ ಇದು ರೋಗವಲ್ಲ, ಹಬ್ಬಿಸಿದ ರೀತಿಯಿಂದ ಬಂದ ಕೊರತೆ ಎಂದು ತೋರುತ್ತದೆ. ಪರಿಹಾರಕ್ಕೆ ಮೊದಲು ಕಾರಣವನ್ನು ನೋಡೋಣ, ಏಕೆಂದರೆ ಕಾರಣ ಉಳಿದುಕೊಂಡರೆ ಇಳಿಸಿದ ಬಳ್ಳಿಯೂ ಮತ್ತೆ ಹಾಗೆಯೇ ಬರಿದಾಗಿ ಮೇಲೇರುತ್ತದೆ.

ಚೀಲದ ಸಸಿಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ತಾಯಿಬಳ್ಳಿಯ ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಂಬಿನಿಂದ ಮಾಡುತ್ತಾರೆ. ಆ ಹಂಬಿಗೆ ಕಾಯಿ ಬಿಡುವ ಸ್ವಭಾವ ಇನ್ನೂ ಬಂದಿರುವುದಿಲ್ಲ. ಅದು ಆಸರೆಯನ್ನು ಮುಟ್ಟಿ, ಗಿಣ್ಣುಗಳಲ್ಲಿ ಅಂಟುಬೇರು ಬಿಟ್ಟು, ತೊಗಟೆಯನ್ನು ಕಚ್ಚಿಕೊಂಡು ಏರತೊಡಗಿದ ಮೇಲೆ ದಂಟು ದಪ್ಪವಾಗುತ್ತದೆ, ಗಿಣ್ಣುಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಆಮೇಲೆ ಅಡ್ಡಕವಲು ಹೊರಡುತ್ತದೆ. ತೆನೆ ಬಿಡುವುದು ಆ ಅಡ್ಡಕವಲಿನಲ್ಲಿ ಮಾತ್ರ. ಆದ್ದರಿಂದ ಹಂಬಿನ ಸಸಿಯಲ್ಲಿ ಮೊದಲ ಮೂರು ಅಡಿಯಷ್ಟು ಬರಿದಾಗಿರುವುದು ಸಹಜ. ಐದಾರು ಅಡಿ ಬರಿದಾಗಿದ್ದರೆ ಬೇರೇನೋ ಸೇರಿಕೊಂಡಿದೆ ಎಂದರ್ಥ.

ಅದು ಏನೆಂದು ತಿಳಿಯಲು ಬಳ್ಳಿಯನ್ನು ಸೊಂಟದ ಎತ್ತರದಲ್ಲಿ ಹಿಡಿದು ಹಗುರವಾಗಿ ಎಳೆದು ನೋಡಿ. ಮರಕ್ಕೆ ಅಂಟದೆ ಸಲೀಸಾಗಿ ಈಚೆಗೆ ಬಂದರೆ, ಎಳೆಯದರಲ್ಲಿ ಸರಿಯಾಗಿ ಕಟ್ಟಿಲ್ಲವೆಂದು ತಿಳಿಯಬೇಕು. ಅಂತಹ ಬಳ್ಳಿ ಮರದ ಪಕ್ಕದಲ್ಲಿದ್ದರೂ ಹಂಬಿನಂತೆಯೇ ಬೆಳೆಯುತ್ತಿರುತ್ತದೆ. ಚೆನ್ನಾಗಿ ಅಂಟಿಕೊಂಡೂ ಕವಲಿಲ್ಲದಿದ್ದರೆ ಬೆಳಕಿನ ಕೊರತೆ ಇರಬಹುದು. ಕಾಫಿ ತೋಟದಲ್ಲಿ ಇದನ್ನು ಬಹಳ ಮಂದಿ ಗಮನಿಸುವುದಿಲ್ಲ: ಮೇಲಿನ ನೆರಳನ್ನು ರೆಂಬೆ ಸವರಿ ಸರಿಪಡಿಸುತ್ತಾರೆ, ಆದರೆ ರೊಬಸ್ಟಾ ಗಿಡದ ರೆಕ್ಕೆಗಳು ಸಿಲ್ವರ್ ಮರದ ಬುಡವನ್ನು ಆಳೆತ್ತರದವರೆಗೆ ಕತ್ತಲೆ ಮಾಡಿರುತ್ತವೆ. ತಮ್ಮ ಬಳ್ಳಿಯಲ್ಲಿ ಕವಲು ಆರಂಭವಾದ ಎತ್ತರ ಮತ್ತು ಪಕ್ಕದ ಕಾಫಿ ಗಿಡದ ನೆತ್ತಿಯ ಎತ್ತರ ಒಂದೇ ಆಗಿದೆಯೇ ಎಂದು ನೋಡಿ ತಿಳಿಸಿ.

ಬಂಟ್ವಾಳ_ಕಂಬ

ಇಷ್ಟೆಲ್ಲ ಕಷ್ಟ ಮರಕ್ಕೆ ಹಬ್ಬಿಸುವುದರಿಂದಲೇ ಬರುತ್ತದೆ. ಮರ ಗೊಬ್ಬರವನ್ನೂ ನೀರನ್ನೂ ಹಂಚಿಕೊಳ್ಳುತ್ತದೆ, ಬೆಳಕನ್ನೂ ತಡೆಯುತ್ತದೆ. ನಾನು ಸಿಮೆಂಟ್ ಕಂಬಗಳಿಗೆ ಹಬ್ಬಿಸಿದ್ದೇನೆ. ಬುಡದಿಂದಲೇ ಕವಲು ಬಂದಿದೆ, ಏಣಿ ಇಟ್ಟು ಕೊಯ್ಯುವುದು ಸುಲಭ. ವಿಯೆಟ್ನಾಮಿನಲ್ಲಿ ಕಂಬಗಳ ಮೇಲೆ ದಟ್ಟವಾಗಿ ಬೆಳೆಸುವುದನ್ನು ಎಲ್ಲರೂ ನೋಡಿದ್ದಾರೆ. ನಮ್ಮಂತಹ ತೇವದ ಪ್ರದೇಶದಲ್ಲಿ ಗಾಳಿಯಲ್ಲೇ ನೀರಿನ ಅಂಶ ಇರುವುದರಿಂದ ನೆರಳಿನ ಅಗತ್ಯವೂ ಇಲ್ಲ.

ಶಿರಸಿ_ಕಾನುತೋಟ

ಕಂಬ ಗೊಬ್ಬರಕ್ಕೆ ಪೈಪೋಟಿ ಕೊಡುವುದಿಲ್ಲ, ಬುಡಕ್ಕೆ ಬೆಳಕು ಬೀಳುತ್ತದೆ ಎಂಬ ಮಾತುಗಳನ್ನು ಒಪ್ಪುತ್ತೇನೆ. ಕೊನೆಯ ವಾಕ್ಯವನ್ನು ಒಪ್ಪಲಾರೆ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಗಾಳಿ ಹೆಚ್ಚು ತೇವವಾಗಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಫೆಬ್ರವರಿಯಿಂದ ಮೇ ತನಕದ ಬಿಸಿಲಿಗೆ ಸಿಮೆಂಟ್ ಕಂಬ ಕಾಯುತ್ತದೆ. ಎಳೆಯ ಅಂಟುಬೇರು ಅದರ ಮೇಲೆ ಒಣಗಿ ಹಿಡಿತ ಬಿಡುತ್ತದೆ, ಮುಂದಿನ ಮಳೆಯ ಗಾಳಿಗೆ ಬಳ್ಳಿ ಒಟ್ಟಾಗಿ ಜಾರುತ್ತದೆ. ತಮ್ಮ ಕಂಬಗಳು ಅಡಿಕೆಯ ನಡುವೆ ಇವೆಯೇ, ಬಯಲಿನಲ್ಲಿವೆಯೇ?

ಬಂಟ್ವಾಳ_ಕಂಬ

ಅಡಿಕೆ ತೋಟದ ಅಂಚಿನಲ್ಲಿವೆ. ಮಧ್ಯಾಹ್ನದ ನಂತರ ಅಡಿಕೆಯ ನೆರಳು ಬೀಳುತ್ತದೆ. ಹೊರಸಾಲಿನ ಕಂಬಗಳಿಗೆ ಮೊದಲ ಎರಡು ಬೇಸಿಗೆಗಳಲ್ಲಿ ಹಸಿರು ನೆರಳುಬಲೆ ಸುತ್ತಿದ್ದೆವು. ತಾವು ಹೇಳಿದ ಮೇಲೆ ಯೋಚಿಸಿದರೆ, ನೆರಳು ಇಲ್ಲದ ಕಂಬ ನನ್ನಲ್ಲಿ ಒಂದೂ ಇಲ್ಲ. ಆದರೂ ಹೊಸದಾಗಿ ತೋಟ ಮಾಡುವವರಿಗೆ ಕಂಬವೇ ಲೇಸು ಎಂಬ ಅಭಿಪ್ರಾಯ ನನ್ನದು.

ಸಿದ್ದಾಪುರ_ಕೊಡಗು

ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಬುಡ ಬರಿದಾಗಿದೆ ಎಂದು ಯಾರೂ ಬಳ್ಳಿ ಇಳಿಸುವುದಿಲ್ಲ. ಇಳಿಸಿದರೆ ಬರಬೇಕಾದ ಮೊದಲ ಬೆಳೆ ಒಂದು ವರ್ಷ ಹಿಂದೆ ಹೋಗುತ್ತದೆ. ಮೇಲೆ ಕವಲು ಬಂದಿದ್ದರೆ ಬರಲಿ. ಬುಡದಲ್ಲಿ ಹೇಗೂ ಹೊಸ ಹಂಬುಗಳು ಹೊರಡುತ್ತವೆ. ಅವುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿ, ಮರದ ಖಾಲಿ ಮಗ್ಗುಲಿಗೆ ಕಟ್ಟಿ ಏರಿಸಿದರೆ ನಿಧಾನವಾಗಿ ಬುಡ ತುಂಬುತ್ತದೆ. ಉಳಿದವನ್ನು ಮಳೆಗೆ ಮೊದಲು ಕತ್ತರಿಸಿಬಿಡಬೇಕು.

ಇನ್ನೊಂದು ಮಾತು. ಬುಡದವರೆಗೆ ದಟ್ಟವಾಗಿ ಕವಲಿರುವುದು ನಮ್ಮ ಮಳೆಗೆ ಒಳ್ಳೆಯದೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಮಳೆಹನಿ ನೆಲಕ್ಕೆ ಬಡಿದು ಸಿಡಿಯುವ ಕೆಸರಿನೊಂದಿಗೆ ಅದು ಮೊದಲು ಮುಟ್ಟುವುದು ತಗ್ಗಿನ ಎಲೆಗಳನ್ನು. ಅಲ್ಲಿಂದ ಒಂದೊಂದೇ ಎಲೆ ಹತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ನಾವು ಕೆಳಗಿನ ಎರಡು ಅಡಿಯನ್ನು ಬೇಕೆಂದೇ ಬರಿದಾಗಿ ಇಡುತ್ತೇವೆ.

ಶಿರಸಿ_ಕಾನುತೋಟ

ಸಿದ್ದಾಪುರದವರ ಮಾತಿನಲ್ಲಿ ತಥ್ಯವಿದೆ. ನೆಲಕ್ಕೆ ತಾಗುವ ಕವಲನ್ನೂ ಹಂಬನ್ನೂ ನಾನೂ ಮೇ ಕೊನೆಯಲ್ಲಿ ತೆಗೆಸುತ್ತೇನೆ. ನಾನು ಒಂದು ಅಡಿ ಬಿಡುತ್ತೇನೆ, ಅವರು ಎರಡು ಬಿಡುತ್ತಾರೆ. ಬುಡದಲ್ಲಿ ತರಗೆಲೆಯ ಮುಚ್ಚಿಗೆ ದಪ್ಪವಾಗಿದ್ದರೆ ಸಿಡಿತ ಕಡಿಮೆ ಎಂಬ ಕಾರಣಕ್ಕೆ ನನಗೆ ಒಂದು ಅಡಿ ಸಾಕೆನಿಸಿದೆ. ಆದರೆ ಐದಾರು ಅಡಿ ಖಾಲಿ ಬಿಡುವುದು ಬೇರೆಯ ಪ್ರಶ್ನೆ. ಇಪ್ಪತ್ತು ಅಡಿಗೆ ಮೇಲೆ ಬಳ್ಳಿಯನ್ನು ಹೋಗಗೊಡದೆ ನಿಲ್ಲಿಸುವವರಿಗೆ ಅದು ಬೆಳೆಯ ಕಾಲು ಭಾಗ, ಅದೂ ನೆಲದ ಮೇಲೆ ನಿಂತು ಕೊಯ್ಯಬಹುದಾದ ಭಾಗ.

ಸಕಲೇಶಪುರ_ರೊಬಸ್ಟಾ

ಇಂದು ತೋಟದಲ್ಲಿ ನೋಡಿದೆ. ಶಿರಸಿಯವರು ಊಹಿಸಿದ್ದು ಸರಿ. ಗಟ್ಟಿಯಾಗಿ ಅಂಟಿಕೊಂಡ ಬಳ್ಳಿಗಳಲ್ಲಿ ಕವಲು ಆರಂಭವಾಗುವುದು ಕಾಫಿ ಗಿಡದ ನೆತ್ತಿಯಿಂದ ಅರ್ಧ ಅಡಿ ಮೇಲೆ. ತೋಟದ ರಸ್ತೆಯ ಬದಿಯಲ್ಲಿ ಕಾಫಿ ಇಲ್ಲದ ಕಡೆ ಇರುವ ಮರಗಳಲ್ಲಿ ಮೂರು ಅಡಿಯಿಂದಲೇ ಕವಲಿದೆ. ಸುಮಾರು ಮೂರರಲ್ಲೊಂದು ಭಾಗ ಬಳ್ಳಿಗಳು ಮಾತ್ರ ಎಳೆದರೆ ಕೈಗೆ ಬರುತ್ತವೆ. ಅವುಗಳನ್ನು ನೈಲಾನ್ ದಾರದಿಂದ ಎರಡೇ ಕಡೆ ಕಟ್ಟಲಾಗಿತ್ತು. ಒಂದೆರಡು ಕಡೆ ದಾರ ದಂಟನ್ನು ಕೊರೆದಿದೆ.

ಶಿರಸಿ_ಕಾನುತೋಟ

ಹಾಗಾದರೆ ಎಲ್ಲ ಬಳ್ಳಿಗಳಿಗೂ ಒಂದೇ ಉಪಾಯ ಬೇಡ. ಗಟ್ಟಿಯಾಗಿ ಅಂಟಿ ಮೇಲೆ ಕವಲು ಬಿಟ್ಟವುಗಳನ್ನು ಮುಟ್ಟಬೇಡಿ. ಅಲ್ಲಿ ಸಿದ್ದಾಪುರದವರು ಹೇಳಿದಂತೆ ಬುಡದ ಹಂಬನ್ನು ಏರಿಸಿ, ಆದರೆ ಅದಕ್ಕೆ ಮೊದಲು ಮರದ ಕಡೆ ಬಾಗಿದ ಕಾಫಿ ರೆಕ್ಕೆಗಳನ್ನು ತೆಗೆದು ಬೆಳಕು ಬಿಡಿ. ಕತ್ತಲೆಯಲ್ಲಿ ಕಟ್ಟಿದ ಹೊಸ ಹಂಬು ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇಳಿಸಬೇಕಾದದ್ದು ಕೈಗೆ ಬರುವ ಆ ಸಡಿಲ ಬಳ್ಳಿಗಳನ್ನು. ಅವುಗಳಿಂದ ಈ ವರ್ಷ ದೊಡ್ಡ ಬೆಳೆ ಹೇಗೂ ಬಾರದು, ಆದ್ದರಿಂದ ಕಳೆದುಕೊಳ್ಳುವುದೂ ಹೆಚ್ಚಿಲ್ಲ.

ಇಳಿಸುವುದರಿಂದ ಆಗುವ ಉಪಕಾರ ಏನೆಂದರೆ, ಕವಲೊಡೆಯುವ ಹದಕ್ಕೆ ಬಂದಿರುವ ತುದಿಯ ಭಾಗ ಬುಡಕ್ಕೆ ಬಂದು ಕುಳಿತುಕೊಳ್ಳುತ್ತದೆ, ಕೆಳಗಿದ್ದ ಬರಿಯ ದಂಟು ಮಣ್ಣಿನಲ್ಲಿ ಬೇರು ಬಿಟ್ಟು ಆ ತುದಿಗೆ ಆಹಾರ ಒದಗಿಸುತ್ತದೆ.

ತಮ್ಮ ಹತ್ತು ಅಡಿಯ ಬಳ್ಳಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮರದ ನಡುವಿನಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಎರಡು ಮೂರು ಇಂಚು ಆಳದ ಕಿರುಗಾಲುವೆ ತೆಗೆದರೆ ಅದರ ಸುತ್ತಳತೆ ಆರು ಅಡಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಬಳ್ಳಿಯ ಬುಡ ಆ ಸುತ್ತಿನಲ್ಲೇ ಇರುವುದರಿಂದ ಒಂದು ಸುತ್ತು ಬಂದ ಮೇಲೆ ಸುಮಾರು ಮುಕ್ಕಾಲು ಅಡಿ ಮರದ ಕಡೆಗೆ ಹೋಗುತ್ತದೆ. ಉಳಿಯುವ ಮೂರು ಅಡಿ ಕಾಂಡದ ಮೇಲೆ ನಿಲ್ಲುತ್ತದೆ, ಕವಲಿರುವ ಭಾಗವೂ ಬಹುತೇಕ ಅಷ್ಟೇ. ಬಳ್ಳಿಯನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತ ಹೋಗಬೇಕು. ಅಂಟಿಕೊಂಡ ಕಡೆ ಜಗ್ಗದೆ, ತೊಗಟೆಗೂ ದಂಟಿಗೂ ನಡುವೆ ಬಿದಿರಿನ ಚಕ್ಕೆ ತೂರಿಸಿದರೆ ಬೇರು ಹರಿದು ದಂಟು ಉಳಿಯುತ್ತದೆ. ಹರಿಯುವ ಅಂಟುಬೇರಿನ ಬಗ್ಗೆ ಚಿಂತೆ ಬೇಡ. ಅದು ಹಿಡಿತಕ್ಕಾಗಿ ಇರುವ ಬೇರು, ಬಳ್ಳಿಗೆ ಊಟ ಕೊಡುವುದು ನೆಲದ ಬೇರು. ಮಣ್ಣಿನೊಳಗೆ ಹೋಗುವ ಭಾಗದ ಎಲೆಗಳನ್ನು ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಬೇಕು. ಗುಂಡಿಯ ಹತ್ತಿರ ದಂಟು ಬಲಿತು ಕಂದಾಗಿದ್ದರೆ ಅದು ಬಾಗುವುದಿಲ್ಲ, ಸೀಳುತ್ತದೆ. ಅಲ್ಲಿ ಅಗಲವಾದ ಬಾಗು ಕೊಟ್ಟು ನಿಧಾನವಾಗಿ ಮಲಗಿಸಿ.

ಬಳಿಕ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಬೇವಿನ ಹಿಂಡಿಯನ್ನು ಬೆರೆಸಿ ಕಾಲುವೆಯನ್ನು ಮುಚ್ಚಿ. ಟ್ರೈಕೋಡರ್ಮಾ ಬೆಳೆಸಿದ ಗೊಬ್ಬರ ಸಿಕ್ಕರೆ ಒಳ್ಳೆಯದು, ಆದರೆ ಅದೇ ಸಮಯದಲ್ಲಿ ಬುಡಕ್ಕೆ ಬೋರ್ಡೋ ಸುರಿದರೆ ತಾಮ್ರದ ಅಂಶದಿಂದ ಟ್ರೈಕೋಡರ್ಮಾ ಸಾಯುತ್ತದೆ. ಮುಚ್ಚಿದ ಜಾಗ ಸುತ್ತಲಿನ ನೆಲಕ್ಕಿಂತ ಎರಡು ಇಂಚಾದರೂ ಎತ್ತರವಾಗಿರಲಿ. ಕಾಲುವೆ ತಗ್ಗಾಗಿ ಉಳಿದರೆ ಜುಲೈನಲ್ಲಿ ಅದರಲ್ಲಿ ನೀರು ನಿಂತು, ಇಳಿಸಿದ ಬಳ್ಳಿಯೇ ಮೊದಲು ಕೊಳೆಯುತ್ತದೆ.

ಸಿದ್ದಾಪುರ_ಕೊಡಗು

ಸಿಲ್ವರ್ ಮರದ ಬುಡದಲ್ಲಿ ಅಷ್ಟು ಸುತ್ತಲೂ ಅಗೆದರೆ ಮರದ ಬೇರು, ಬಳ್ಳಿಯ ಹಳೆಯ ಬೇರು ಎರಡೂ ಕಡಿಯುತ್ತವೆ. ಆ ಗಾಯಗಳ ಮೂಲಕವೇ ರೋಗ ಹೊಗುತ್ತದೆ. ಇದನ್ನು ಏಕೆ ಹೇಳುತ್ತಿಲ್ಲ?

ಶಿರಸಿ_ಕಾನುತೋಟ

ನ್ಯಾಯವಾದ ಆಕ್ಷೇಪ. ಗುದ್ದಲಿಯಿಂದ ಅಗೆಯಬಾರದು, ಕೈಕುಂಟಿಯಲ್ಲಿ ಕೆರೆದರೆ ಸಾಕು. ಬೇರು ದಟ್ಟವಾಗಿರುವ ಕಡೆ ಕಾಲುವೆಯನ್ನೇ ಬಿಟ್ಟು, ಬಳ್ಳಿಯನ್ನು ನೆಲದ ಮೇಲೆ ಮಲಗಿಸಿ ಅದರ ಮೇಲೆ ಮಣ್ಣು ಗೊಬ್ಬರ ಏರಿಸಬೇಕು. ಅಡಿಕೆಯ ಬುಡದಲ್ಲಿ ಇದೇ ದಾರಿ, ಏಕೆಂದರೆ ಅಲ್ಲಿ ಅಡಿಕೆಯ ಬೇರು ಚಾಪೆಯಂತೆ ಹೆಣೆದಿರುತ್ತದೆ. ಹಾಗೆಯೇ, ಹಿಂದಿನ ವರ್ಷ ಸೊರಗಿನಿಂದ ಬಳ್ಳಿ ಸತ್ತಿರುವ ಮರದ ಸುತ್ತಮುತ್ತ ಇಳಿಸುವ ಕೆಲಸವನ್ನೇ ಮಾಡಬಾರದು. ಅಲ್ಲಿ ದಂಟನ್ನು ಮಣ್ಣಿನೊಳಗೆ ಇಡುವುದೆಂದರೆ ರೋಗದ ಕೈಗೆ ಒಪ್ಪಿಸಿದಂತೆ. ಅಂತಹ ಕಡೆಗೆ ಕತ್ತರಿಸುವ ವಿಧಾನ ಸರಿ.

ಕಾರ್ಕಳ_ಹಿತ್ತಿಲು

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಆದರೆ ಇಲ್ಲಿಗೇ ಸಂಬಂಧಿಸಿದ್ದು. ಮನೆಯ ಹಿತ್ತಿಲಿನ ಮಾವಿನ ಮರಕ್ಕೆ ಒಂದು ಬಳ್ಳಿ ಹಬ್ಬಿಸಿದ್ದೇನೆ. ಪರಿಚಯದವರೊಬ್ಬರು ತಮ್ಮ ಬಳ್ಳಿಯ ಕಾಯಿ ಬಿಡುವ ಅಡ್ಡಕವಲನ್ನೇ ಕತ್ತರಿಸಿ ಬೇರು ಬರಿಸಿ ಕೊಟ್ಟಿದ್ದರು, ಬೇಗ ಫಸಲು ಬರುತ್ತದೆಂದು. ಅದು ಮಂಡಿಯೆತ್ತರದ ಪೊದೆಯಾಗಿ ತೆನೆಯನ್ನೂ ಬಿಟ್ಟಿದೆ, ಆದರೆ ಎಷ್ಟು ಕಟ್ಟಿದರೂ ಮರ ಹತ್ತುತ್ತಿಲ್ಲ. ಕಟ್ಟುವ ಕ್ರಮದಲ್ಲಿ ದೋಷವಿದೆಯೇ?

ತೀರ್ಥಹಳ್ಳಿ_ಬಾಗಾಯ್ತು

ಅದು ಹತ್ತುವುದಿಲ್ಲ, ಕಟ್ಟುವುದನ್ನು ನಿಲ್ಲಿಸಿ. ಅಡ್ಡಕವಲಿನ ಗಿಣ್ಣಿನಲ್ಲಿ ಅಂಟುಬೇರು ಬರುವುದಿಲ್ಲ, ಅದರಿಂದ ಮಾಡಿದ ಸಸಿ ಪೊದೆ ಮೆಣಸೇ ಆಗುತ್ತದೆ. ಅದನ್ನು ಕುಂಡದಲ್ಲಿ ಇಟ್ಟುಕೊಳ್ಳಿ, ಮನೆಗೆ ಬೇಕಾದಷ್ಟು ಕೊಡುತ್ತದೆ. ಮಾವಿಗೆ ಬೇರೆ ಹಂಬನ್ನು ತನ್ನಿ.

ಸಕಲೇಶಪುರ_ರೊಬಸ್ಟಾ

ಕತ್ತರಿಸುವ ವಿಧಾನದ ಬಗ್ಗೆಯೂ ತಿಳಿಸಬೇಕೆಂದು ವಿನಂತಿ. ನಮ್ಮ ತೋಟದ ತಗ್ಗಿನ ಮೂಲೆಯಲ್ಲಿ ಕೆಲವು ಬಳ್ಳಿಗಳು ಕಳೆದ ವರ್ಷ ಸೊರಗಿ ಸತ್ತಿದ್ದವು. ಅಲ್ಲಿ ಉಳಿದವುಗಳಲ್ಲಿಯೂ ಸಡಿಲವಾದವು ಇವೆ.

ಶಿರಸಿ_ಕಾನುತೋಟ

ಬುಡದಿಂದ ಮೂರು ನಾಲ್ಕು ಗಿಣ್ಣು ಉಳಿಸಿ ಹರಿತವಾದ ಕತ್ತರಿಯಿಂದ ಕತ್ತರಿಸಿದರೆ ಉಳಿದ ಗಿಣ್ಣುಗಳಿಂದ ಚಿಗುರು ಬರುತ್ತದೆ. ಅವುಗಳಲ್ಲಿ ಮೂರನ್ನು ಮರದ ಸುತ್ತ ಬೇರೆ ಬೇರೆ ಮಗ್ಗುಲಿಗೆ ಕಟ್ಟಿ, ಪುನಃ ಎಂಟು ಹತ್ತು ಗಿಣ್ಣು ಬೆಳೆದಾಗ ತುದಿ ಚಿವುಟಬೇಕು. ಮಲೇಷ್ಯಾದ ಸರವಾಕ್‌ನಲ್ಲಿ ಕಂಬಕ್ಕೆ ಹಬ್ಬಿಸುವವರು ಹೀಗೆ ಹಲವು ಸಲ ಕತ್ತರಿಸಿಯೇ ಬುಡದಿಂದ ತುದಿಯವರೆಗೆ ದಟ್ಟವಾದ ಬಳ್ಳಿಯನ್ನು ಪಡೆಯುತ್ತಾರೆ. ನಮ್ಮ ತೋಟಗಳಲ್ಲಿ ಅಷ್ಟು ಸಲ ಕೈಯಾಡಿಸಲು ಆಳು ಸಿಗುವುದಿಲ್ಲ, ಒಂದೆರಡು ಸಲವಾದರೂ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಒಂದು ಚಿಗುರಿನಿಂದ ಏರಿದ ಬಳ್ಳಿಗಿಂತ ಮೂರು ಚಿಗುರಿನ ಬಳ್ಳಿ ಮರವನ್ನು ಸುತ್ತಲೂ ಮುಚ್ಚುತ್ತದೆ. ಆದರೆ ಈ ಚಿಗುರುಗಳು ಎಳೆಯ ಭಾಗದಿಂದ ಹುಟ್ಟಿದವಾದ್ದರಿಂದ ಇಳಿಸಿದ ಬಳ್ಳಿಯಷ್ಟು ತಗ್ಗಿನಲ್ಲಿ, ಅಷ್ಟು ಬೇಗ ಕವಲು ಬಿಡುವುದಿಲ್ಲ.

ಕತ್ತರಿಸಿ ತೆಗೆದ ಮೇಲ್ಭಾಗದಲ್ಲಿ ಅಂಟುಬೇರು ಇರುವ ಏರುಬಳ್ಳಿಯನ್ನು ನಾಲ್ಕೈದು ಗಿಣ್ಣಿನ ತುಂಡುಗಳಾಗಿ ಮಾಡಿ ನೆಟ್ಟರೆ ಅವು ಬಹಳ ತಗ್ಗಿನಿಂದಲೇ ಕವಲೊಡೆಯುತ್ತವೆ. ತಮ್ಮ ತಗ್ಗಿನ ಮೂಲೆಯಿಂದ ಮಾತ್ರ ಆ ತುಂಡುಗಳನ್ನು ಬೇರೆಡೆಗೆ ಒಯ್ಯಬೇಡಿ.

ಬಂಟ್ವಾಳ_ಕಂಬ

ಕಟ್ಟಲು ಏನು ಬಳಸಬೇಕು? ನಾನು ಪ್ಲಾಸ್ಟಿಕ್ ಪಟ್ಟಿ ಬಳಸುತ್ತಿದ್ದೇನೆ.

ಶಿರಸಿ_ಕಾನುತೋಟ

ಒಣ ಬಾಳೆಪಟ್ಟೆಯ ಸೀಳು ಅಥವಾ ಸೆಣಬಿನ ದಾರ. ಒಂದು ಮಳೆಗಾಲದಲ್ಲಿ ಅದು ಕೊಳೆತು ತಾನಾಗಿ ಬಿದ್ದುಹೋಗುತ್ತದೆ, ಅಷ್ಟರೊಳಗೆ ಬೇರು ಹಿಡಿದಿರುತ್ತದೆ. ನೈಲಾನ್ ಆಗಲಿ ಪ್ಲಾಸ್ಟಿಕ್ ಆಗಲಿ ಉಳಿದುಕೊಂಡು ದಪ್ಪವಾಗುವ ದಂಟನ್ನು ಕೊರೆಯುತ್ತದೆ, ಬಿಚ್ಚುವ ಕೆಲಸ ನೆನಪಿದ್ದರೆ ಮಾತ್ರ ಬಳಸಿ. ಕಟ್ಟು ಗಿಣ್ಣಿಗೆ ಹತ್ತಿರವಾಗಿರಬೇಕು, ಅಂಟುಬೇರು ಹೊರಡುವ ಮಗ್ಗುಲು ತೊಗಟೆಗೆ ಒತ್ತಿಕೊಂಡಿರಬೇಕು. ಎರಡು ಗಿಣ್ಣುಗಳ ನಡುವೆ ಕಟ್ಟಿದರೆ ಗಾಳಿಗೆ ಗಿಣ್ಣು ಅಲುಗಾಡಿ ಬೇರಿನ ತುದಿ ಸವೆಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಹೊಸದಾಗಿ ಬಂದ ಎರಡು ಮೂರು ಗಿಣ್ಣುಗಳನ್ನು ಕಟ್ಟುತ್ತ ಹೋಗಬೇಕು. ಮೊದಲ ವರ್ಷ ಇಷ್ಟು ಮಾಡಿದವರಿಗೆ ಇಳಿಸುವ ಪ್ರಸಂಗ ಬಹುಮಟ್ಟಿಗೆ ಬರುವುದಿಲ್ಲ.

ಸಿದ್ದಾಪುರ_ಕೊಡಗು

ಸಿಲ್ವರ್ ತೊಗಟೆಯ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ಕಟ್ಟಬೇಕೆಂದು ಕೆಲವರು ಹೇಳುತ್ತಾರೆ. ನಾವು ಕೆರೆಯುವುದಿಲ್ಲ, ಪಾಚಿ ತೇವ ಹಿಡಿಯುತ್ತದೆ.

ತೀರ್ಥಹಳ್ಳಿ_ಬಾಗಾಯ್ತು

ನಾವು ಕೆರೆಸುತ್ತೇವೆ. ಪಾಚಿ ಬೇಸಿಗೆಯಲ್ಲಿ ಒಣಗಿ ಸುಲಿದು ಬರುವಾಗ ಎಳೆಯ ಬಳ್ಳಿಯನ್ನೂ ಜೊತೆಗೆ ತರುವುದನ್ನು ನೋಡಿದ್ದೇವೆ.

ಸಕಲೇಶಪುರ_ರೊಬಸ್ಟಾ

ಪಾಚಿಯ ವಿಷಯದಲ್ಲಿ ರಸ್ತೆ ಬದಿಯ ಮರಗಳಲ್ಲಿ ಎರಡು ರೀತಿಯಲ್ಲೂ ಮಾಡಿ ನೋಡುತ್ತೇನೆ. ಉಳಿದಂತೆ, ಈಗ ಕಾಫಿ ರೆಕ್ಕೆಗಳನ್ನು ತೆಗೆಸಿ, ಮೇ ತಿಂಗಳಲ್ಲಿ ಸಿಲ್ವರ್ ಮರದ ಕೆಳರೆಂಬೆಗಳನ್ನು ಸವರಿಸಿ, ಸಡಿಲ ಬಳ್ಳಿಗಳನ್ನು ಇಳಿಸಲು ಯೋಚಿಸಿದ್ದೇನೆ. ಸಮಯ ಯಾವುದೆಂಬುದಷ್ಟೇ ಉಳಿದಿದೆ. ಸಕಲೇಶಪುರದ ಜುಲೈ ಮಳೆ ತಮಗೆಲ್ಲ ಗೊತ್ತು.

ಶಿರಸಿ_ಕಾನುತೋಟ

ಮುಂಗಾರಿಗೆ ಮೊದಲಿನ ಎರಡು ಮೂರು ಹದಮಳೆ ಬಿದ್ದು ನೆಲ ತಂಪಾದ ಮೇಲೆ, ಎಡೆಬಿಡದ ಮಳೆ ಹಿಡಿಯುವ ಮೊದಲು ಇಳಿಸಿ. ಅದು ಸಾಮಾನ್ಯವಾಗಿ ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರ. ಆ ಹದ ತಪ್ಪಿದರೆ ಜುಲೈನಲ್ಲಿ ಕೈ ಹಾಕದೆ, ಸೆಪ್ಟೆಂಬರ್‌ನ ಬಿಡುವಿಗೆ ಕಾಯಿರಿ. ಆಗ ಬೇಸಿಗೆಗೆ ಮೊದಲು ಬೇರೂರಲು ಕಾಲ ಕಡಿಮೆ ಸಿಗುವುದರಿಂದ ಬುಡಕ್ಕೆ ದಪ್ಪ ಮುಚ್ಚಿಗೆ ಮತ್ತು ಫೆಬ್ರವರಿಯಿಂದ ನೀರು ಕೊಡಬೇಕಾಗುತ್ತದೆ. ಇಳಿಸಿದ ಮೂರು ವಾರಗಳಲ್ಲಿ ತುದಿಯ ಎಲೆ ಬಾಡದೆ ಹೊಸ ಎಲೆ ಬಿಚ್ಚಿದರೆ ಬಳ್ಳಿ ಹಿಡಿದುಕೊಂಡಿದೆ. ಎಲೆ ಜೋತುಬಿದ್ದರೆ ಮುಚ್ಚಿದ ಮಣ್ಣನ್ನು ಕೈಯಿಂದ ಸರಿಸಿ ದಂಟನ್ನು ನೋಡಿ. ಅದು ಕಪ್ಪಾಗಿ ಮೆತ್ತಗಾಗಿದ್ದರೆ, ಮೇಲೆ ಹಸಿರಾಗಿರುವ ಭಾಗವನ್ನು ಬೇರೆ ಮಾಡಿ ಚೀಲಕ್ಕೆ ನೆಟ್ಟುಕೊಳ್ಳಬಹುದು ಎಂದು ಆಸೆಪಡದೆ, ಇಡೀ ಬಳ್ಳಿಯನ್ನು ತೆಗೆದು ತೋಟದ ಹೊರಗೆ ಸುಡುವುದು ಕ್ಷೇಮ.

ಸಿದ್ದಾಪುರ_ಕೊಡಗು

ಇಳಿಸಿದವುಗಳ ಪಕ್ಕದಲ್ಲೇ ಕೆಲವು ಸಡಿಲ ಬಳ್ಳಿಗಳನ್ನು ಇಳಿಸದೆ, ಬರಿಯ ಬಾಳೆಪಟ್ಟೆಯಿಂದ ಮತ್ತೆ ಕಟ್ಟಿ ಬಿಡಿ. ಮುಂದಿನ ಎರಡು ಕೊಯ್ಲುಗಳಲ್ಲಿ ಎರಡರ ತೂಕವನ್ನೂ ಬೇರೆಯಾಗಿ ತೆಗೆದು ಇಲ್ಲಿ ಬರೆದರೆ ನನ್ನ ಅನುಮಾನಕ್ಕೆ ಉತ್ತರ ಸಿಕ್ಕೀತು.